ನಾಲ್ಕು ಗಂಟೆಯ ಕತ್ತಲು

ಲೆಸ್ಟರ್‌ನಲ್ಲಿ ನವೆಂಬರ್ ಬಂತೆಂದರೆ ಮಧ್ಯಾಹ್ನದ ಊಟದ ತಟ್ಟೆ ತೊಳೆಯುವಷ್ಟರಲ್ಲಿ ಸಂಜೆ. ಮೂವತ್ತು ವರ್ಷ ಈ ಹಾಳು ಕತ್ತಲನ್ನು ಬೈದುಕೊಂಡೇ ಕಳೆದ ವನಮಾಲ ಈ ವರ್ಷ ಅದಕ್ಕೆ ಹೆದರುತ್ತಿದ್ದಳು.

ಅವಳ ಗಂಡ ಶೇಷಗಿರಿ ಕನ್ನಡ ಬಳಗದ ಗಡಿಯಾರ. ಬಳಗದವರು ಹರಿದು ಹಂಚಿಹೋಗಿದ್ದರು: ನಾಟಕ ಆಡಿಸುವ ದಿವಾಕರ ಕ್ಯಾಲಿಫೋರ್ನಿಯಾದಲ್ಲಿ, ಮಗಳ ಪಾತ್ರದ ಮಂದಾಕಿನಿ ಟೊರಾಂಟೊದಲ್ಲಿ, ಅವಳ ಅಪ್ಪ ಮುದಿ ಅಂಬಿಗನ ಪಾತ್ರದ ಶೇಷಗಿರಿ ವನಮಾಲಳೊಂದಿಗೆ ಇಂಗ್ಲೆಂಡಿನಲ್ಲಿ. ಸಂಕ್ರಾಂತಿಗೆ ಕಂಪ್ಯೂಟರ್ ಪರದೆಯ ಮೇಲೆ ನಾಟಕ. ಅಭ್ಯಾಸ ಎಷ್ಟು ಹೊತ್ತಿಗೆ ಎಂದು ಯಾರು ಕೇಳಿದರೂ ಶೇಷಗಿರಿ ಬೆರಳು ಮಡಚದೆ ಹೇಳುವರು: "ನಮಗೆ ನಾಲ್ಕು, ಟೊರಾಂಟೊಗೆ ಹನ್ನೊಂದು, ದಿವಾಕರಂಗೆ ಬೆಳಿಗ್ಗೆ ಎಂಟು. ಇಂಡಿಯಾ ಟೈಮು ಬೇಸಿಗೇಲಿ ರಾತ್ರಿ ಎಂಟೂವರೆ, ಚಳಿಗಾಲದಲ್ಲಿ ಒಂಬತ್ತೂವರೆ." ಭಾರತದಲ್ಲಿ ಬಳಗದ ಒಂದು ನರಪಿಳ್ಳೆಯೂ ಇರಲಿಲ್ಲ. ಆದರೂ ಇಂಡಿಯಾ ಟೈಮು ಹೇಳದಿದ್ದರೆ ಯಾರಿಗೂ ಸಮಾಧಾನವಿಲ್ಲ.

ಬೇಸಿಗೆಯೆಲ್ಲ ಭಾನುವಾರದ ನಾಲ್ಕು ಗಂಟೆ ಸರಿಯಾಗಿಯೇ ನಡೆಯಿತು. ಆಗಲೇ ಡಾಕ್ಟರು ವನಮಾಲಳಿಗೆ ಹೇಳಿದ್ದರು: ಶೇಷಗಿರಿಗೆ ಮರೆವಿನ ಕಾಯಿಲೆ ಶುರುವಾಗಿದೆ, ಹಗಲಿನಲ್ಲಿ ಅಷ್ಟು ಗೊತ್ತಾಗುವುದಿಲ್ಲ, ಕತ್ತಲಾದಂತೆ ಮನಸ್ಸು ಕದಡುತ್ತದೆ. ಅವಳು ಅದನ್ನು ಬಳಗದಲ್ಲಿ ಬಾಯಿಬಿಡಲಿಲ್ಲ. ಹೇಳಿದರೆ ಪಾತ್ರ ಹೋಗುತ್ತದೆ. ಆ ಮುದಿ ಅಂಬಿಗನ ಪಾತ್ರ ಬಿಟ್ಟರೆ ಆ ಮನುಷ್ಯನಿಗೆ ವಾರದಲ್ಲಿ ಕಾಯುವುದಕ್ಕೆ ಬೇರೇನಿತ್ತು?

ಅಕ್ಟೋಬರ್ ಕೊನೆಗೆ, ಚಳಿಗಾಲಕ್ಕೆಂದು ಇಡೀ ದೇಶವೇ ಮಾಡುವಂತೆ, ಶೇಷಗಿರಿ ಸ್ಟೂಲು ಹತ್ತಿ ತಮ್ಮ ಕೈಯಾರೆ ಗೋಡೆ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದರು. ನವೆಂಬರಿನಲ್ಲಿ ನಾಲ್ಕು ಗಂಟೆಯ ಅಭ್ಯಾಸದ ನಡುವೆಯೇ ಕಿಟಕಿ ಕಪ್ಪಾಯಿತು. ಅಂಬಿಗ ಮಗಳಿಗೆ ಬುದ್ಧಿ ಹೇಳುತ್ತಿದ್ದವನು ತಟ್ಟನೆ ನಿಂತ.

"ವನೂ, ಹೊತ್ತಾಯ್ತಲ್ಲೇ. ಎಷ್ಟು ಹೊತ್ತು ಇವರ ಮನೇಲಿ ಕೂತಿರೋದು? ನಮ್ಮನೆಗೆ ಹೋಗೋಣ."

ವನಮಾಲ ಸರಕ್ಕನೆ ಕಂಪ್ಯೂಟರ್ ಆರಿಸಿದಳು. ಆಮೇಲೆ "ನೆಟ್ ಕೈಕೊಡ್ತು" ಎಂದು ಸಂದೇಶ ಕಳಿಸಿದಳು. ಮುಂದಿನ ವಾರವೂ ನೆಟ್ ಕೈಕೊಟ್ಟಿತು.

ಸೋಮವಾರ ಅವಳೇ ದಿವಾಕರನಿಗೆ ಫೋನು ಮಾಡಿದಳು. "ಎರಡು ಗಂಟೆಗೆ ಇಟ್ಕೊಳ್ಳೋಣಪ್ಪ."

"ಅಯ್ಯೋ ವನಮಾಲಕ್ಕ! ನನಗೆ ಬೆಳಿಗ್ಗೆ ಆರಾಗುತ್ತೆ. ಭಾನುವಾರ ಆರಕ್ಕೆ ಏಳು ಅಂದ್ರೆ ನನ್ನ ಹೆಂಡ್ತಿ ಡೈವೋರ್ಸ್ ಕೊಡ್ತಾಳೆ." ನಕ್ಕ. ಆಮೇಲೆ ದನಿ ತಗ್ಗಿಸಿದ. "ಬೇಜಾರು ಮಾಡ್ಕೋಬೇಡಿ. ನಿಮ್ಮಲ್ಲಿ ನೆಟ್ ಹಿಂಗೇ ಆದ್ರೆ, ಅಂಬಿಗನ್ನ ಟೊರಾಂಟೊದಲ್ಲೇ ಯಾರಿಗಾದ್ರೂ ಕೊಡಬೇಕಾಗುತ್ತೆ."

ಸುಳ್ಳು ಹೇಳಿದ ನಾಲಿಗೆಗೆ ಸರಿಯಾದ ಬರೆಯೇ ಬಿತ್ತು. ಇನ್ನು ಮುಚ್ಚಿಟ್ಟು ಉಪಯೋಗವಿಲ್ಲವೆಂದು ವನಮಾಲ ಇದ್ದದ್ದನ್ನೆಲ್ಲ ಹೇಳಿಬಿಟ್ಟಳು.

"ಎರಡಕ್ಕೇ ಮಾಡೋಣಕ್ಕ," ಎಂದ ದಿವಾಕರ. "ಮಂದಾಕಿನಿಗೂ ಹೇಳ್ತೀನಿ."

"ನಾನು ಹೇಳಿದ್ದು ನಮ್ಮ ಮನೆಯವರಿಗೆ ಗೊತ್ತಾಗಬಾರದು."

"ಛೆ ಛೆ, ನಮಗಷ್ಟು ತಿಳಿಯಲ್ವಾ?"

ಭಾನುವಾರ ಎರಡು ಗಂಟೆಗೆ ಕಿಟಕಿಯಲ್ಲಿ ಮಂಕು ಬಿಸಿಲಿತ್ತು. ಶೇಷಗಿರಿ ಒಂದು ಮಾತೂ ತಪ್ಪಲಿಲ್ಲ. ದನಿ ಹಳೆಯ ದನಿಯೇ. ವನಮಾಲಳ ಕಣ್ಣು ತುಂಬಿಬಂತು. ಆದರೆ ಅವರು ಬಾಯಿ ತೆರೆದಾಗಲೆಲ್ಲ ಮಂದಾಕಿನಿ "ವಾ, ತುಂಬಾ ಚೆನ್ನಾಗಿ ಹೇಳಿದ್ರಿ ಅಂಕಲ್" ಎಂದು ಚಪ್ಪಾಳೆ ತಟ್ಟುತ್ತಿದ್ದಳು. ಮಾತು ಮಾತಿಗೂ ಬೈಯುತ್ತಿದ್ದ ದಿವಾಕರ ಇವತ್ತು "ನಿಧಾನಕ್ಕೆ ಸರ್, ಅವಸರ ಇಲ್ಲ" ಎಂದು ಮಕ್ಕಳಿಗೆ ತುತ್ತು ತಿನ್ನಿಸುವವರಂತೆ ಮಾತಾಡುತ್ತಿದ್ದ. ಪ್ರೀತಿಯಿಂದಲೇ ಮಾಡಿದರು, ಪಾಪ. ಪ್ರೀತಿಗೆ ಒಂದು ಚೂರು ಬುದ್ಧಿಯೂ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು.

ಅಭ್ಯಾಸ ಮುಗಿಸಿ ಶೇಷಗಿರಿ ಗೋಡೆ ಗಡಿಯಾರವನ್ನು ನೋಡುತ್ತ ಕೂತರು.

"ನಮಗೆ ಎರಡು ಅಂದ್ರೆ ಟೊರಾಂಟೊಗೆ ಒಂಬತ್ತು," ಎಂದರು. "ದಿವಾಕರಂಗೆ ಆರು."

"ಹೂಂ."

"ಅವನು ತನ್ನ ಮದುವೆ ಮುಹೂರ್ತಕ್ಕೇ ಆರಕ್ಕೆ ಎದ್ದೋನಲ್ಲ." ಅವರು ಹೆಂಡತಿಯ ಕಡೆ ತಿರುಗಿದರು. "ಹೇಳಿಬಿಟ್ಯಾ ವನೂ?"

ವನಮಾಲ ಸೆರಗಿನ ತುದಿ ಹಿಡಿದುಕೊಂಡು ತಲೆಯಾಡಿಸಿದಳು. ಅವರು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಬೆಳಕಿದ್ದಾಗಲೇ ಫೋನು ಎತ್ತಿಕೊಂಡು ದಿವಾಕರನಿಗೆ ಹೇಳಿದರು: "ಅಂಬಿಗನ್ನ ಬೇರೆಯವರಿಗೆ ಕೊಡಪ್ಪ. ಅಭ್ಯಾಸ ಮೊದಲಿನ ಹಾಗೆ ನಾಲ್ಕಕ್ಕೇ ಇರಲಿ. ನನಗೋಸ್ಕರ ಯಾರೂ ನಿದ್ದೆ ಕೆಡೋದು ಬೇಡ." ಆ ಕಡೆಯವನು ಎಷ್ಟು ಬೇಡಿಕೊಂಡರೂ ಕೇಳಲಿಲ್ಲ.

ಮುಂದಿನ ಭಾನುವಾರ ನಾಲ್ಕು ದಾಟಿತು. ವನಮಾಲ ದೀಪ ಹಾಕಿ ಕಿಟಕಿಯ ಪರದೆ ಎಳೆಯುತ್ತಿದ್ದಳು. ಒಳಗಿನಿಂದ ಶೇಷಗಿರಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆ ಬಾಚಿಕೊಂಡು ಬಂದು ಕಂಪ್ಯೂಟರಿನ ಮುಂದೆ ಕೂತರು.

"ನಾಲ್ಕಾಯ್ತಲ್ಲೇ, ಇನ್ನೂ ಯಾರೂ ಬಂದಿಲ್ಲ? ಅಭ್ಯಾಸ ಇಲ್ವಾ ಇವತ್ತು?"

ವನಮಾಲ ಅವರ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡಳು.

"ಮುಗೀತು ರೀ," ಎಂದಳು. "ಎಷ್ಟು ಚೆನ್ನಾಗಿ ಮಾಡಿದ್ರಿ."