ಒಪ್ಪಿಗೆ ಕೊಡುವವರು ಯಾರು

ನಾನು ಏನು ಕೆಲಸ ಮಾಡುತ್ತೇನೆ ಅಂತ ಯಾರಾದರೂ ಕೇಳಿದರೆ ನಮ್ಮತ್ತೆ, "ಅಂಗಡಿಯವರು ಬಾಯಲ್ಲಿ ಹೇಳೋ ಸುಳ್ಳನ್ನ ಇವಳು ನೀಟಾಗಿ ಬರ್ಕೊಡ್ತಾಳೆ" ಅನ್ನುತ್ತಾರೆ. ತಮಾಷೆಗೇ ಅನ್ನುವುದು. ನಾನೂ ನಗುತ್ತೇನೆ. ಆದರೆ ಒಳಗೊಳಗೇ ಉರಿಯುತ್ತದೆ, ಯಾಕೆಂದರೆ ನಾನು ಹಾಗೆ ಬರೆಯುವವಳಲ್ಲ ಅನ್ನುವ ಜಂಬ ನನಗೆ ಮೊದಲಿನಿಂದಲೂ ಇತ್ತು.

ಅಂಗಡಿ, ಆಸ್ಪತ್ರೆ, ನೀರಿನ ಫಿಲ್ಟರ್ ರಿಪೇರಿಯವರು, ಇಂಥವರ ವೆಬ್‌ಸೈಟಿಗೆ ಲೇಖನ ಬರೆಯುವುದು ನನ್ನ ಕೆಲಸ. ಇನ್ಶೂರೆನ್ಸ್ ಕಚೇರಿಯ ಕೆಲಸ ಬಿಟ್ಟು ಇದಕ್ಕೆ ಇಳಿದು ವರ್ಷ ತುಂಬುತ್ತಾ ಬಂದಿತ್ತು. ಬಿಡಿ ಕೆಲಸಗಳು ಬರುತ್ತಿದ್ದವು, ಹೋಗುತ್ತಿದ್ದವು. ತಿಂಗಳು ತಿಂಗಳೂ ಖಾಯಂ ಬರುವ ಕೆಲಸ ಅಂತ ಇದ್ದದ್ದು ಒಂದೇ, ಹಾಸಿಗೆ ಅಂಗಡಿಯದ್ದು. ಅಷ್ಟರಲ್ಲಿ ಹಳೇ ಮ್ಯಾನೇಜರ್ ಫೋನ್ ಮಾಡಿದರು. "ನಿಮ್ಮ ಜಾಗ ಮತ್ತೆ ಖಾಲಿ ಆಗಿದೆ. ತಿಂಗಳ ಕೊನೆವರೆಗೂ ಯಾರನ್ನೂ ತಗೊಳ್ಳಲ್ಲ, ಯೋಚನೆ ಮಾಡಿ ಹೇಳಿ." ಮನೆಯಲ್ಲಿ ಯಾರೂ ಬಲವಂತ ಮಾಡಲಿಲ್ಲ. ಆದರೆ ಲೆಕ್ಕ ಎಲ್ಲರಿಗೂ ಗೊತ್ತಿತ್ತು. ಹಾಸಿಗೆ ಅಂಗಡಿ ಕೈಯಲ್ಲಿದ್ದರೆ ನಾನು ಮನೆಯ ಕಿಟಕಿ ಪಕ್ಕದ ಮೇಜಿನಲ್ಲಿ ಉಳಿಯುತ್ತೇನೆ, ಅದು ಕೈಬಿಟ್ಟರೆ ಮತ್ತೆ ಕ್ಲೇಮ್ ಫಾರಂಗಳ ನಡುವೆ.

ಈ ಅಂಗಡಿಗೆ ದರ ಹೇಳುವಾಗ ನಾನು ಎಡವಿರಲಿಲ್ಲ. ಮೊದಮೊದಲು ಎಲ್ಲರಂತೆ ನಾನೂ ನಾಚಿಕೊಂಡು ಪದಕ್ಕೆ ಇಷ್ಟು ಅಂತ ಕಡಿಮೆ ಹೇಳಿ ಕೈ ಸುಟ್ಟುಕೊಂಡವಳೇ. ಅನುವಾದ ಮಾಡುವ ಗೆಳತಿಯೊಬ್ಬಳು ಬೈದು ಬುದ್ಧಿ ಹೇಳಿದ್ದಳು. "ಇಂಗ್ಲಿಷ್ ದರ ನೋಡ್ಕೊಂಡು ನಮ್ಮ ಭಾಷೆಗೆ ಅದನ್ನೇ ಹೇಳ್ತೀಯಲ್ಲೇ! ಅವರು ನಾಲ್ಕು ಪದದಲ್ಲಿ ಹೇಳೋದನ್ನ ನಾವು 'ಬರೆಯಬೇಕಾಗಿತ್ತಲ್ಲ' ಅಂತ ಒಂದೇ ಪದದಲ್ಲಿ ಮುಗಿಸ್ತೀವಿ. ಆಮೇಲೆ ಓದೋದು, ಫೋನ್ ಮಾಡೋದು, ತಿದ್ದೋದು, ಅದನ್ನೆಲ್ಲ ಯಾರು ಎಣಿಸ್ತಾರೆ? ಒಂದು ದಿನಕ್ಕೆ ನಿನಗೆ ಎಷ್ಟು ಬೇಕು, ಒಂದು ದಿನದಲ್ಲಿ ಪೂರ್ತಿ ಮುಗಿಸಿ ಕೊಡೋಕಾಗೋದು ಎಷ್ಟು ಪದ, ಭಾಗಿಸು. ಅದೇ ದರ." ಇನ್ನೊಂದು ಮಾತೂ ಹೇಳಿದ್ದಳು. ಬಿಲ್ಲು ಹಾಕಬೇಕಾದ್ದು ಅವರು ಕೇಳಿದಷ್ಟು ಪದಕ್ಕೆ, ಕೊನೆಗೆ ಉಳಿದಷ್ಟಕ್ಕಲ್ಲ. ಇಲ್ಲದಿದ್ದರೆ ಅವರು ಕತ್ತರಿಸಿದಷ್ಟೂ ನಮ್ಮ ಹೊಟ್ಟೆ ಕತ್ತರಿಸಿದ ಹಾಗೆ. ಇದನ್ನೆಲ್ಲ ಒಪ್ಪಂದದಲ್ಲಿ ಹಾಕಿದ್ದೆ. ಎರಡು ಸಲ ಉಚಿತವಾಗಿ ತಿದ್ದಿಕೊಡುತ್ತೇನೆ, ಮೂರನೆಯದಕ್ಕೆ ಬೇರೆ ದುಡ್ಡು ಅಂತಲೂ ಬರೆದಿದ್ದೆ.

ಬರೆಯುವುದು ಸುಲಭ, ನಡೆಸುವುದು ಕಷ್ಟ. ಅಂಗಡಿಯ ವೆಬ್‌ಸೈಟಿನಲ್ಲಿ "ನಮ್ಮ ಕಥೆ" ಅಂತ ಒಂದು ಪುಟ ಬೇಕಿತ್ತು. ಮಾಲೀಕರು ಫೋನಿನಲ್ಲಿ ಹೇಳಿದ್ದನ್ನು ಚೆನ್ನಾಗಿ ಜೋಡಿಸಿ ಕಳಿಸಿದೆ. ಅವರು ಯುವಕರಾಗಿದ್ದಾಗ ಒಂದೇ ಹೊಲಿಗೆ ಸೂಜಿ ಹಿಡಿದು ಅಂಗಡಿ ಕಟ್ಟಿದ ಕಥೆ. ಸಂಜೆ ಉತ್ತರ ಬಂತು. "ಚೆನ್ನಾಗಿದೆ ಮೇಡಂ. ಆದರೆ ಏನೋ ಒಂದು ಕಮ್ಮಿ." ಏನು ಕಮ್ಮಿ ಸಾರ್ ಅಂದರೆ ಅವರಿಗೂ ಗೊತ್ತಿಲ್ಲ. ಭಾವನೆ ತುಂಬಿದೆ, ಅದೂ ಬೇಡವಾಯಿತು. ಭಾವನೆ ತೆಗೆದೆ, ಸಪ್ಪೆಯಾಯಿತಂತೆ. "ಹಾಸಿಗೆ ಇದ್ದಷ್ಟು ಕಾಲು ಚಾಚು" ಅನ್ನುವ ಗಾದೆ ಸೇರಿಸಿ ಅಂದರು. ದೊಡ್ಡ ಹಾಸಿಗೆ ಮಾರುವವರು ಗಿರಾಕಿಗೆ ಕಾಲು ಮಡಚಿಕೋ ಅಂತ ಹೇಳುವುದು ಯಾವ ವ್ಯಾಪಾರವೋ, ಸೇರಿಸಿದೆ. ಮರುದಿನ ತೆಗೆಸಿದರು. ಮೂರನೇ ಸಲವೇ "ಇದಕ್ಕೆ ಬೇರೆ ಆಗುತ್ತೆ" ಅನ್ನಬೇಕಿತ್ತು. ಬಾಯಿ ಬರಲಿಲ್ಲ. ಇರುವ ಒಂದು ಖಾಯಂ ಗಿರಾಕಿಯನ್ನೂ ಕಳಕೊಂಡರೆ ಅನ್ನುವ ಭಯ. ಎಷ್ಟನೇ ಸಲವೋ ತಿದ್ದುವಾಗ, ಅಳು ಬರುವ ಬದಲು ನಗು ಬಂದುಬಿಟ್ಟಿತು.

ಮುಂದಿನ ತಿಂಗಳ ಲೇಖನಗಳಿಗೆ ವಿಷಯ ಹುಡುಕಬೇಕಿತ್ತು. ಮನೆಯಲ್ಲಿ ಕೂತು ತಲೆ ಕೆರೆದುಕೊಂಡರೆ ವಿಷಯ ಹುಟ್ಟುವುದಿಲ್ಲ. ಗಿರಾಕಿಗಳು ಏನು ಕೇಳುತ್ತಾರೋ ಅದೇ ವಿಷಯ. ಹಾಗಾಗಿ ಒಂದು ಬೆಳಿಗ್ಗೆ ಅಂಗಡಿಗೇ ಹೋಗಿ ಮೂಲೆಯ ಸ್ಟೂಲಿನಲ್ಲಿ ಕೂತೆ.

ಬೆನ್ನು ನೋವಿಗೆ ಗಟ್ಟಿ ಹಾಸಿಗೆ ಒಳ್ಳೇದೋ ಮೆತ್ತಂದೋ? ಹತ್ತಿ ಯಾಕೆ ಗಂಟು ಕಟ್ಟುತ್ತೆ? ಮಗು ಒದ್ದೆ ಮಾಡಿದರೆ ಏನು ಮಾಡೋದು? ಗಿರಾಕಿಗಳು ಮಾಲೀಕರನ್ನು ಕೇಳುತ್ತಿದ್ದರು. ಮಾಲೀಕರು ತಲೆ ತಿರುಗಿಸಿ ಒಳಗೆ ನೋಡುತ್ತಿದ್ದರು. ಉತ್ತರ ಅಲ್ಲಿಂದ ಬರುತ್ತಿತ್ತು. ಒಳಕೋಣೆಯ ಬಾಗಿಲ ಹತ್ತಿರ ಚಾಪೆ ಹಾಸಿಕೊಂಡು ಒಬ್ಬ ಹೆಂಗಸು ದಪ್ಪ ಸೂಜಿಯಲ್ಲಿ ಹಾಸಿಗೆಯ ಅಂಚು ಹೊಲಿಯುತ್ತಿದ್ದರು. ತಲೆ ಎತ್ತದೆ ಎಲ್ಲದಕ್ಕೂ ಕಡ್ಡಿ ಮುರಿದ ಹಾಗೆ ಉತ್ತರ. "ಗಂಟು ಕಟ್ಟೋದು ಹತ್ತಿ ತಪ್ಪಲ್ಲ, ಬಿಸಿಲಿಗೆ ಹಾಕದೇ ಇರೋದು ನಿಮ್ಮ ತಪ್ಪು." ಗಿರಾಕಿ ನಗುತ್ತಾ ಕೊಂಡುಕೊಂಡು ಹೋದ.

"ನಮ್ಮಕ್ಕ" ಅಂದರು ಮಾಲೀಕರು, ಬೇಕೋ ಬೇಡವೋ ಅನ್ನುವ ಹಾಗೆ.

ಅವರು ಫೋನ್ ಹಿಡಿದು ಆಚೆ ಹೋದಾಗ ನಾನು ಅಕ್ಕನ ಹತ್ತಿರ ಹೋಗಿ ಕೂತೆ. ಅವರೇ ಮಾತು ತೆಗೆದರು. "ಆ ಕಥೆ ಬರೀತಿರೋಳು ನೀನೇ ಏನಮ್ಮಾ? ಸಂಜೆ ಬಾಗಿಲು ಹಾಕಿದ್ಮೇಲೆ ತಮ್ಮ ಓದಿ ಹೇಳ್ತಾನೆ. ಸರಿ ಇಲ್ಲ ಅಂತ ವಾಪಸ್ ಕಳಿಸ್ತಿರೋಳು ನಾನೇ."

ನನಗೆ ಸಿಟ್ಟು ನೆತ್ತಿಗೇರಿತು. "ಏನು ಸರಿ ಇಲ್ಲ ಅಂತ ಒಂದು ಮಾತು ಹೇಳಿದ್ರೆ ಮೊದಲ್ನೇ ದಿನಾನೇ ಮುಗೀತಿತ್ತಲ್ಲಕ್ಕಾ?"

"ಒಂದು ಸುಳ್ಳಿದೆ ಅದ್ರಲ್ಲಿ. ಯಾವ್ದು ಅಂತ ನಾನ್ಯಾಕೆ ಹೇಳ್ಲಿ? ಅವನಿಗೆ ಗೊತ್ತು. ಅವನೇ ತೆಗೀಬೇಕು."

ಅವರ ಕೈ ನೋಡಿದೆ. ತೋರುಬೆರಳ ತುದಿ ಸೂಜಿ ಒತ್ತಿ ಒತ್ತಿ ಚಪ್ಪಟೆಯಾಗಿತ್ತು. ಒಂದೇ ಸೂಜಿ ಹಿಡಿದು ಅಂಗಡಿ ಕಟ್ಟಿದವರು ಯಾರು ಅಂತ ಇನ್ನು ಯಾರೂ ಹೇಳಬೇಕಾಗಿರಲಿಲ್ಲ.

ಗೊತ್ತಾದ ಮೇಲೆ ನಾನು ಮಾಡಿದ್ದೇನು? ಪಾಪ ಅಂದುಕೊಂಡೆ, ಆದರೆ ಅದಕ್ಕಿಂತ ಮೊದಲು ನನ್ನ ಕೆಲಸದ ತೊಡಕು ಎಲ್ಲಿದೆ ಅಂತ ಸಿಕ್ಕಿತಲ್ಲ ಅಂದುಕೊಂಡೆ. ಕೊನೆಯಿಲ್ಲದೆ ತಿದ್ದಿಸುವವರ ಹಿಂದೆ ಯಾವಾಗಲೂ ಇದೊಂದು ಇರುತ್ತದೆ: ಮಾತಾಡುವವರು ಒಬ್ಬರು, ಒಪ್ಪಬೇಕಾದವರು ಇನ್ನೊಬ್ಬರು. ಒಪ್ಪಂದದಲ್ಲಿ ಅದನ್ನೇ ಕೇಳಲು ಮರೆತಿದ್ದೆ. ಮಾಲೀಕರು ವಾಪಸ್ ಬಂದ ಕೂಡಲೇ ಕೇಳಿದೆ. "ಸಾರ್, ಇನ್ಮೇಲೆ ಕೊನೇ ಒಪ್ಪಿಗೆ ಒಬ್ಬರೇ ಕೊಡ್ಬೇಕು. ಯಾರು ಅಂತ ಈಗ್ಲೇ ಹೇಳ್ಬಿಡಿ."

ಅವರು ಅಕ್ಕನ ಕಡೆ ನೋಡಲಿಲ್ಲ. "ಇನ್ಯಾರು ಮೇಡಂ, ನಾನೇ. ಅಂಗಡಿ ನಂದಲ್ವಾ?" ಅಂದವರೇ ಫೋನ್ ತೆಗೆದು ಆ ಪುಟವನ್ನು ಮತ್ತೊಮ್ಮೆ ನೋಡಿದ ಹಾಗೆ ಮಾಡಿ, "ಓಕೆ. ಇದೇ ಇರ್ಲಿ. ಹಾಕ್ಬಿಡಿ" ಅಂದರು.

ಒಳಗೆ ಸೂಜಿ ಒಂದು ಕ್ಷಣ ನಿಂತಿತು. ಆಮೇಲೆ ಮೊದಲಿನಂತೆಯೇ ನಡೆಯಿತು.

ಬೀಸೋ ದೊಣ್ಣೆ ತಪ್ಪಿತು ಅಂತ ಮನೆಗೆ ಬಂದೆ. ಗಂಡ ಖುಷಿಪಟ್ಟರು, ಅತ್ತೆ "ಹಾಗಾದ್ರೆ ಆಫೀಸಿಗೆ ಹೋಗಲ್ಲ ತಾನೇ?" ಅಂದರು. ನನಗೆ ಊಟ ಸೇರಲಿಲ್ಲ. ಒಬ್ಬರೇ ಒಪ್ಪಬೇಕು ಅನ್ನುವ ನನ್ನ ನಿಯಮ ಸರಿಯಾಗಿಯೇ ಕೆಲಸ ಮಾಡಿತ್ತು. ಅಕ್ಕನನ್ನು ಮೀರಿ ಒಂದು ಮಾತಾಡಲು ಅಷ್ಟು ವರ್ಷ ಹೆದರಿದ ಮನುಷ್ಯನಿಗೆ ಒಂದು ನೆಪ ಬೇಕಿತ್ತು. ಅದನ್ನು ನಾನೇ ಹೋಗಿ ಕೈಗಿಟ್ಟು ಬಂದಿದ್ದೆ. ಸುಳ್ಳನ್ನ ನೀಟಾಗಿ ಬರ್ಕೊಡ್ತಾಳೆ ಅನ್ನುವ ಅತ್ತೆಯ ತಮಾಷೆ ಆ ದಿನ ತಮಾಷೆಯಾಗಿರಲಿಲ್ಲ.

ಮರುದಿನ ಹೊಸ ವಿಷಯಗಳನ್ನು ಕಳಿಸಬೇಕಿತ್ತು. ಬೆನ್ನು ನೋವು, ಬಿಸಿಲು, ಮಗುವಿನ ಹಾಸಿಗೆ. ಎಲ್ಲಕ್ಕಿಂತ ಮೇಲೆ, ಹಿಂದಿನ ದಿನ ಅಂಗಡಿಯಲ್ಲಿ ಗಿರಾಕಿಯೊಬ್ಬಳು ಹಾಸಿಗೆಯ ಅಂಚನ್ನು ಸವರಿ ಕೇಳಿದ್ದ ಪ್ರಶ್ನೆಯನ್ನೇ ಇಟ್ಟೆ: "ಇಷ್ಟು ಚೆನ್ನಾಗಿ ಹೊಲಿಯೋರು ಯಾರು?"

ತಕ್ಷಣ ಫೋನ್ ಬಂತು. "ಮೊದಲ್ನೇದು ಬೇಡ ಮೇಡಂ. ತೆಗೀರಿ."

"ಗಿರಾಕಿ ಕೇಳಿದ್ದೇ ಸಾರ್ ಅದು. ಉತ್ತರ ಅಕ್ಕನ ಹತ್ರ ಇದೆ. ಅವರನ್ನ ಕೇಳಿ ಬರೀತೀನಿ. ಆ ಒಂದು ಲೇಖನಕ್ಕೆ ಒಪ್ಪಿಗೇನೂ ಅವರೇ ಕೊಡ್ಲಿ."

"ನೀವು ಹಾಸಿಗೆ ಬಗ್ಗೆ ಬರೀತೀರೋ, ನಮ್ಮನೆ ಬಗ್ಗೆ ಬರೀತೀರೋ?"

"ಎರಡೂ ಒಂದೇ ಅಂಗಡೀಲಿ ಇದೆಯಲ್ಲ ಸಾರ್. ಆ ಲೇಖನ ಇಲ್ಲದೆ ಈ 'ನಮ್ಮ ಕಥೆ' ಹಾಕೋಕೆ ನನಗೆ ಮನಸ್ಸಿಲ್ಲ. ಬೇರೆಯವರ ಕೈಲಿ ಬರೆಸೋದಾದ್ರೆ ಬರೆಸಿ."

ಫೋನ್ ಕಟ್ಟಾಯಿತು. ಬಡವನ ಕೋಪ ದವಡೆಗೆ ಮೂಲ ಅಂತ ಗೊತ್ತಿದ್ದೂ ಆಡಿದ ಮಾತು. ಹಳೇ ಮ್ಯಾನೇಜರ್ ನಂಬರ್ ತೆಗೆದು ನೋಡಿ, ಒತ್ತದೆ ಇಟ್ಟೆ. ಎರಡು ದಿನ ಸುದ್ದಿಯೇ ಇಲ್ಲ. ಅತ್ತೆ ನನ್ನ ಆಫೀಸಿನ ಬ್ಯಾಗನ್ನು ಒರೆಸಿ ಇಟ್ಟರು. ಆಮೇಲೆ ಒಂದು ಸಾಲಿನ ಮೆಸೇಜ್ ಬಂತು. "ಬರೀರಿ. ಅಕ್ಕ ಒಪ್ಪಿದರೆ ಮಾತ್ರ."

ಅಕ್ಕ ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಅಪ್ಪ ಹಾಸಿಗೆ ಹಿಡಿದ ಮೇಲೆ ಮನೆಯ ಹಳೇ ಹಾಸಿಗೆಯನ್ನೇ ಬಿಚ್ಚಿ, ಹೊಲಿಗೆ ಹೇಗೆ ಹೋಗಿದೆ ಅಂತ ನೋಡಿ ಕಲಿತದ್ದು. ಪಕ್ಕದ ಮನೆಯವರದ್ದು ಹೊಲಿದದ್ದು, ಆ ಬೀದಿಯದ್ದು ಹೊಲಿದದ್ದು. ತಮ್ಮನ ಬಗ್ಗೆ ನಾನು ಏನೂ ಬರೆಯಲಿಲ್ಲ. ಬೇಕೆಂದೇ ಬಿಟ್ಟೆ. ನಿಮ್ಮನ್ನು ಅಳಿಸಿದವನನ್ನು ನಾನೂ ಅಳಿಸಿದ್ದೇನೆ ನೋಡಿ ಅನ್ನುವ ಹಟ ಒಳಗಿತ್ತು. ಓದಿ ಹೇಳಿದೆ.

"ಸರಿ ಇಲ್ಲ" ಅಂದರು ಅಕ್ಕ.

ಇವರೂ ಶುರು ಮಾಡಿದರಾ!

"ಇದ್ರಲ್ಲೂ ಒಂದು ಸುಳ್ಳಿದೆ. ಈ ಸಲ ನಾನೇ ಹೇಳ್ತೀನಿ, ಸೇರಿಸ್ಕೋ" ಅಂದು ನಿಧಾನವಾಗಿ ಹೇಳಿದರು. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡೆ. "ನಾನು ಹತ್ತಿ ತುಂಬುವಾಗ ಚೀಲದ ಬಾಯಿ ಅಗಲಿಸಿ ಹಿಡಿಯುತ್ತಿದ್ದವನು ನನ್ನ ತಮ್ಮ. ಆಟಕ್ಕೆ ಹೋಗೋ ವಯಸ್ಸು. ಒಂದು ದಿನವೂ ಹೋಗಲಿಲ್ಲ. ಅವನು ಹಿಡಿಯದಿದ್ದರೆ ನಾನು ತುಂಬುತ್ತಿರಲಿಲ್ಲ."

ಲೇಖನವನ್ನು ಮಾಲೀಕರಿಗೂ ಕಳಿಸಿದೆ. ಸಂಜೆ ಅವರೇ ಫೋನ್ ಮಾಡಿದರು. "ಆ ಚೀಲದ ಸಾಲು ನೀವು ಬರೆದದ್ದಾ ಮೇಡಂ?"

"ಅಲ್ಲ ಸಾರ್. ಅಕ್ಕ ಸೇರಿಸಿದ್ದು. ನಾನು ನಿಮ್ಮನ್ನ ಬಿಟ್ಟೇ ಬರೆದಿದ್ದೆ."

"ಆ 'ನಮ್ಮ ಕಥೆ' ಬಿಟ್ಬಿಡಿ. ಅಲ್ಲಿ ಇದನ್ನೇ ಹಾಕಿ. ಮತ್ತೆ..." ಅಂದು ನಿಲ್ಲಿಸಿ, "ಇನ್ಮೇಲೆ ಎಲ್ಲಾನೂ ಅಕ್ಕಂಗೇ ಓದಿ ಹೇಳಿ. ಅವಳು ಹೂಂ ಅಂದ್ರೆ ಆಯ್ತು. ನನ್ನ ಕೇಳ್ಬೇಡಿ" ಅಂದರು. ಹಿಂದೆ ಎಲ್ಲೋ ಅಕ್ಕನ ದನಿ ಕೇಳಿಸಿತು, "ಯಾರೋ ಅದು ಫೋನಲ್ಲಿ? ಊಟಕ್ಕೆ ಬಾರೋ." ಅವರು ಬಂದೆ ಅಂದರು, ಚಿಕ್ಕ ಹುಡುಗನ ದನಿಯಲ್ಲಿ.