ಗಾದ್ರಪ್ಪನ ತುಟಿಗೆ ತಡವಾದ ದನಿ

ಹೊನ್ನಾಳಿ ಬಸ್ ಸ್ಟ್ಯಾಂಡ್ ಪಕ್ಕದ ಸ್ಟುಡಿಯೋದಲ್ಲಿ ಎಡಿಟಿಂಗ್ ಮಾಡುವ ಚೈತ್ರಶ್ರೀಗೆ ಗಾದ್ರಪ್ಪನನ್ನು ಕಂಡರೆ ನಗು. ನಾಟಕದಲ್ಲಿ ರಾಜನ ಪಾರ್ಟು ಮಾಡುವವನು, ಟೀ ಕೇಳುವಾಗಲೂ ಸಿಂಹಾಸನದಿಂದಲೇ ಕೇಳುತ್ತಿದ್ದ. ಈಗ ಅವನ ಮುಖ ಇಳಿದಿತ್ತು.

"ನನ್ನ ಮರ್ಯಾದೆ ತೆಗೆದ್ಯಲ್ಲ ತಂಗಿ. ನೀನು ಮಾಡಿಕೊಟ್ಟ ನಾಟಕದ ವಿಡಿಯೋದಾಗೆ, ಕೊನೇ ಸೀನಿಗೆ ನನ್ನ ಬಾಯಿ ಮುಂದೆ, ಮಾತು ಹಿಂದೆ. ಪರದೆ ಹಿಂದೆ ಹಾರ್ಮೋನಿಯಂ ಮೇಷ್ಟ್ರು ಮಾತಾಡ್ತಾರೆ, ಇವನು ಬಾಯಿ ಆಡಿಸ್ತಾನೆ ಅಂತಾರೆ ನೋಡಿದೋರು."

"ಮೇಷ್ಟ್ರು ಪಾಪ, ಇಡೀ ನಾಟಕ ಮಾತಾಡಿದರೆ ಗಂಟಲು ಏನಾಗಬೇಕು?"

"ನಗಬ್ಯಾಡ. ಸಂಜೆ ಬಸವಾಪಟ್ಟಣದಾಗೆ ಇದನ್ನೇ ನೋಡಿ ಮುಂದಿನ ನಾಟಕದ ಪಾರ್ಟು ಹಂಚ್ತಾರೆ."

ಸೌಂಡ್ ಹಿಂದೆ ಬಿದ್ದಿದೆ ತಾನೇ ಎಂದುಕೊಂಡು ಅವಳು ಅದನ್ನು ಅಷ್ಟೂ ಮುಂದಕ್ಕೆ ಎಳೆದಳು. ಕೊನೆ ಸರಿಹೋಯಿತು. ಮೊದಲ ಸೀನು ಹಾಕಿದಾಗ ರಾಜ ಬಾಯಿ ತೆರೆಯುವ ಮೊದಲೇ ಗರ್ಜನೆ ಕೇಳಿಸಿತು.

"ಮೊದಲು ಕೊನೇಲಿ ಮಾತ್ರ ಕಳ್ಳ ಆಗಿದ್ದೆ," ಗಾದ್ರಪ್ಪ ಹೇಳಿದ. "ಈಗ ಪರದೆ ಏಳೋದ್ರಿಂದಲೇ ಕಳ್ಳ."

ಎಳೆಯದೆ ಬಿಟ್ಟರೆ ಮೊದಲಲ್ಲಿ ಸರಿ, ಹೋಗ್ತಾ ಹೋಗ್ತಾ ತಪ್ಪು. ಹಾಗಾದರೆ ಇದು ಎಳೆದು ಸರಿಮಾಡುವ ರೋಗವಲ್ಲ. ಚೈತ್ರಶ್ರೀ ಮಾಡುತ್ತಿದ್ದುದೆಲ್ಲ ಮದುವೆ ವಿಡಿಯೋ. ಅದರಲ್ಲಿ ಯಾರು ಏನು ಮಾತಾಡಿದರೂ ಮೇಲೊಂದು ಹಾಡು ಹಾಕಿ ಮುಚ್ಚುವುದು ವಾಡಿಕೆ. ತುಟಿ ನೋಡುವ ಅಭ್ಯಾಸವೇ ಇರಲಿಲ್ಲ. ಎಕ್ಸ್‌ಪೋರ್ಟ್ ಆಗಿ ವಿಡಿಯೋ ಸಿದ್ಧವಾದ ಮೇಲೆ ಮೊದಲ ಒಂದೆರಡು ನಿಮಿಷ ನೋಡಿ ಕೊಟ್ಟುಬಿಡುತ್ತಿದ್ದಳು.

"ಇದನ್ನ ಯಾವುದರಲ್ಲಿ ತೆಗೆದಿದ್ದು ಅಣ್ಣ?"

"ನಮ್ಮ ತಿಪ್ಪೇಶನ ಫೋನಿನಾಗೆ."

ಅವಳು ಫೈಲಿನ ವಿವರ ತೆಗೆದು ನೋಡಿದಳು. ಸ್ಟುಡಿಯೋ ಕ್ಯಾಮೆರಾ ಸೆಕೆಂಡಿಗೆ ಒಂದೇ ಲೆಕ್ಕದಲ್ಲಿ ಚಿತ್ರ ಹಿಡಿಯುತ್ತದೆ. ಫೋನು ಹಾಗಲ್ಲ, ವೇದಿಕೆಯ ಬೆಳಕು ಕಡಿಮೆಯಾದಾಗಲೆಲ್ಲ ಕಡಿಮೆ ಚಿತ್ರ ಹಿಡಿದಿತ್ತು. ಸಾಫ್ಟ್‌ವೇರ್ ಎಲ್ಲಕ್ಕೂ ಒಂದೇ ಲೆಕ್ಕ ಹಾಕಿ ಓಡಿಸಿದ್ದರಿಂದ ಚಿತ್ರ ಬೇಗ ಮುಗಿಯುತ್ತಿತ್ತು, ದನಿ ಹಿಂದೆ ಉಳಿಯುತ್ತಿತ್ತು.

"ನಿಮ್ಮ ತಪ್ಪಲ್ಲ, ಫೋನಿಂದು," ಎಂದಳು. ತನ್ನದೂ ಇದೆ ಎಂದು ಹೇಳಲಿಲ್ಲ.

ಮೂಲ ಫೈಲನ್ನು ಮೊದಲು, ಸೆಕೆಂಡಿಗೆ ಇಷ್ಟೇ ಚಿತ್ರ ಎನ್ನುವ ಒಂದೇ ಫ್ರೇಮ್ ರೇಟಿಗೆ ಬದಲಾಯಿಸಿದಳು. ಎಳೆದಿದ್ದ ಸೌಂಡನ್ನು ಬಿಟ್ಟು, ಹೊಸ ಫೈಲನ್ನೇ ಎಡಿಟಿಂಗಿಗೆ ಹಾಕಿ ಮತ್ತೆ ಎಕ್ಸ್‌ಪೋರ್ಟ್ ಮಾಡಿದಳು. ಈ ಸಲ ಮೊದಲು, ನಡುವೆ, ಕೊನೆ ಮೂರೂ ನೋಡಿದರು. ತುಟಿಗೂ ಮಾತಿಗೂ ಕೂದಲೆಳೆಯಷ್ಟೂ ಅಂತರವಿರಲಿಲ್ಲ. ಗಾದ್ರಪ್ಪನ ಎದೆ ಮತ್ತೆ ಉಬ್ಬಿತು.

ಕೊನೆಯ ಸೀನಿನ ಒಂದು ಕಡೆ ಮಾತ್ರ ರಾಜನ ಬಾಯಿ ಗಟ್ಟಿಯಾಗಿ ಮುಚ್ಚಿತ್ತು. ಕಣ್ಣು ಪರದೆಯ ಕಡೆ ಹೋಗಿತ್ತು. ರಾಜ ಹೇಳಬೇಕಿದ್ದ ಸಾಲು ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಮೇಷ್ಟ್ರ ದನಿ.

ಗಾದ್ರಪ್ಪ ಕುರ್ಚಿಯನ್ನು ಮಾನಿಟರಿನ ಹತ್ತಿರಕ್ಕೆ ಎಳೆದುಕೊಂಡ.

"ಅದೊಂದು ಸಾಲನ್ನ ಮೊದಲಿನಂಗೇ ಬಿಡಾಕೆ ಬರಲ್ವ ತಂಗಿ?"

"ಫೋನಿನ ತಪ್ಪಾದರೆ ಸರಿಮಾಡಬಹುದು ಅಣ್ಣ. ಇದು ಫೋನಿಂದಲ್ಲ."

ಗಾದ್ರಪ್ಪ ಪೆನ್‌ಡ್ರೈವ್ ಕಿಸೆಗೆ ಹಾಕಿಕೊಂಡು ಎದ್ದ. "ಇರಲಿ ಬಿಡು. ಒಂದು ಸಾಲು ಮೇಷ್ಟ್ರದ್ದು ಅಂತ ನಾನೇ ಹೇಳ್ತೀನಿ. ಮಿಕ್ಕಿದ್ದೆಲ್ಲ ನಂದೇ ಅಂತ ಕಾಣ್ತೈತಲ್ಲ."