ಎರಡು ಸೆಂಟಿಮೀಟರ್ ಮಳೆ

ಸುಚಿತ್ರಾ ಬರೆದ ಸ್ಕ್ರಿಪ್ಟು ಮೂರು ಪುಟ ಇತ್ತು. ರಾಮನಗರದ ಐಜೂರಿನಲ್ಲಿ ಅವಳಿದ್ದ ಅಪಾರ್ಟ್‌ಮೆಂಟಿನ ಹದಿನಾರು ಮನೆಯವರಿಗೆ ಮಳೆನೀರು ಕೊಯ್ಲಿನ ವಿಡಿಯೋ ಮಾಡಬೇಕಿತ್ತು. ಬೇಸಿಗೆಯಲ್ಲೇ ಪೈಪು, ಫಿಲ್ಟರು ಹಾಕಿಸಿದ್ದಾಗಿತ್ತು. ಆದರೂ ಟೆರೇಸಿನಲ್ಲಿ ಹಳೇ ಚಪ್ಪಲಿ ಬಿಡುವುದನ್ನು ಯಾರೂ ನಿಲ್ಲಿಸಿರಲಿಲ್ಲ. ಯಾವ ನಲ್ಲಿ ಯಾಕಿದೆ ಎಂಬುದೂ ಯಾರಿಗೂ ತಿಳಿದಿರಲಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಸುಚಿತ್ರಾ ಅಪಾರ್ಟ್‌ಮೆಂಟಿನ ಸಂಘದ ಕಾರ್ಯದರ್ಶಿಯೂ ಆಗಿದ್ದಳು. ಕೆಲಸ ಅವಳ ಪಾಲಿಗೇ ಬಂತು.

ಜೂನ್ ಮೊದಲ ಭಾನುವಾರ ಶೂಟಿಂಗ್ ಶುರುವಾಯಿತು. ಮೂರನೇ ಮಹಡಿಯ ಮನೋಹರ್ ಮೊಬೈಲ್ ಹಿಡಿದ. ಪೈಪು ಹಾಕಿದ್ದ ಅಕ್ಕೂರಿನ ಪ್ಲಂಬರ್ ಲಕ್ಷ್ಮಯ್ಯ ತೋರಿಸಿಕೊಡಲು ಬಂದಿದ್ದರು. ಟೆರೇಸಿನಿಂದ ಇಳಿಯುವ ನಾಲ್ಕು ಪೈಪುಗಳ ಪಕ್ಕದಲ್ಲೂ ತಳ ಮುಚ್ಚಿದ ಒಂದೊಂದು ದಪ್ಪ ಪೈಪು ನಿಂತಿತ್ತು. ಲಕ್ಷ್ಮಯ್ಯ ಅದನ್ನು ತಟ್ಟಿದರು.

“ಮೊದ್ಲು ಬರೋ ನೀರ್ನಾಗೆ ಧೂಳು, ಹಕ್ಕಿ ಹಿಕ್ಕೆ ಎಲ್ಲ ಇರ್ತವೆ. ಅದು ಈ ಪೈಪ್ನಾಗೆ ತುಂಬ್ಕತದೆ. ತುಂಬುದ್ ಮ್ಯಾಲೆ ಒಳಗಿರೋ ಚೆಂಡು ತೇಲಿ ಬಾಯಿ ಮುಚ್ಕತದೆ. ಆಮ್ಯಾಲೆ ಬರೋ ನೀರು ಫಿಲ್ಟರ್‌ಗೆ. ಮಳೆ ನಿಂತ ಮ್ಯಾಲೆ ಕೆಳಗಿನ ನಲ್ಲಿ ಬುಟ್ಟು ಕೊಳೆ ಖಾಲಿ ಮಾಡ್ಬೇಕು, ಮರೀಬ್ಯಾಡಿ.”

ಫಿಲ್ಟರ್ ಡ್ರಮ್ಮಿನ ಮುಚ್ಚಳ ತೆಗೆದು ಮೇಲಿನ ಮರಳು, ನಡುವಿನ ಇದ್ದಿಲು, ತಳದ ಜಲ್ಲಿ, ಅವುಗಳ ಮಧ್ಯೆ ಹಾಸಿದ ಜಾಲರಿ ತೋರಿಸಿದ್ದೂ ಆಯಿತು. ಉಳಿದದ್ದು ಕೊನೆಯ ಹಂತ: ನೀರು ನೆಲದಡಿಯ ಸಂಪಿಗೆ ಬೀಳುವುದು. ಆಕಾಶದಲ್ಲಿ ಮೋಡದ ಸುಳಿವಿಲ್ಲ.

“ಪೈಪ್ನಲ್ಲಿ ಟ್ಯಾಂಕರ್ ನೀರು ಬಿಟ್ಟು ಶೂಟ್ ಮಾಡ್ಬಿಡೋಣ ಮೇಡಂ. ಯಾರಿಗ್ ಗೊತ್ತಾಗುತ್ತೆ?” ಎಂದ ಮನೋಹರ್.

ಲಕ್ಷ್ಮಯ್ಯ ಒಪ್ಪಲಿಲ್ಲ. “ಬ್ಯಾಡಿ ಸಾರ್. ಇಪ್ಪತ್ ವರ್ಸದಿಂದ ಇದ್ನೇ ಹಾಕ್ತಾ ಇವ್ನಿ. ಬಿಸಿಲ್ನಾಗೆ ಕೆಲ್ಸ ಮುಗಿಸಿ ಎದ್ದೋಯ್ತೀನಿ. ಮಳೆ ಬಂದಾಗ ಯಾರ ಮನೆ ತಾವೂ ನಾನಿರಾಕಿಲ್ಲ. ನೀರು ಬೀಳಾದ್ನ ನಾನೇ ಒಂದ್ಸಲ ನೋಡಿಲ್ಲ, ಇನ್ ಸುಳ್ಳು ಯಾಕೆ ತೋರ್ಸಾದು?”

ಸುಚಿತ್ರಾ ಕೈಯಲ್ಲಿದ್ದ ಹಾಳೆ ನೋಡಿದಳು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ಎಂದು ಬರೆದಿದ್ದಳು. ವರ್ಷವರ್ಷವೂ ಬೋರ್ಡಿನ ಮೇಲೆ ಬರೆದ ಮಾತು ಅದು. ಕಣ್ಣಾರೆ ಅವಳೂ ಕಂಡಿರಲಿಲ್ಲ.

“ಕಾಯೋಣ,” ಎಂದಳು.

ಒಂಬತ್ತು ದಿನ ಕಾದರು. ಮಂಗಳವಾರ ಸಂಜೆ ನಾಲ್ಕೂವರೆಗೆ ಬೆಟ್ಟದ ಬಂಡೆಗಳೇ ಕಾಣದಷ್ಟು ಕಪ್ಪು ಕವಿಯಿತು. ಫೋನ್ ಮಾಡಿದರೆ ಲಕ್ಷ್ಮಯ್ಯ ಆಗಲೇ ಬೈಕ್ ಮೇಲೆ. “ಬತ್ತಾ ಇವ್ನಿ!” ಸುಚಿತ್ರಾ ಓಡಿಹೋಗಿ, ಮಳೆ ಅಳೆಯಲೆಂದು ನೆಟ್ಟನೆಯ ಗೋಡೆಯ ಒಂದು ಸ್ಟೀಲ್ ಡಬ್ಬವನ್ನು ಟೆರೇಸಿನ ಬಯಲಿನಲ್ಲಿಟ್ಟು ಬಂದಳು.

ಲಕ್ಷ್ಮಯ್ಯ ಬಂದು ಸೇರುತ್ತಲೇ ಮಳೆ ಒಮ್ಮೆಗೇ ಇಳಿಯಿತು. ದಪ್ಪ ಪೈಪಿನೊಳಗೆ ದೊಳದೊಳ ಸದ್ದು. ತುಂಬುತ್ತ ತುಂಬುತ್ತ ಸದ್ದು ಸಣ್ಣದಾಯಿತು, ಮೇಲೇರಿತು, ಮೇಲೆಲ್ಲೋ ಚೆಂಡು ಟಕ್ಕೆಂದಿತು. ಮರುಕ್ಷಣವೇ ನೀರು ದಾರಿ ಬದಲಿಸಿ ಫಿಲ್ಟರಿನತ್ತ ಹರಿಯಿತು. ಲಕ್ಷ್ಮಯ್ಯ ಸಂಪಿನ ಮುಚ್ಚಳ ಸರಿಸಿ ಟಾರ್ಚ್ ಹಾಕಿದರು. ಮೊದಲು ಒಂದು ಎಳೆ. ಆಮೇಲೆ ತೋಳಿನಷ್ಟು ದಪ್ಪ, ತಿಳಿಯಾದ ಧಾರೆ. ಮನೋಹರ್ ಮೊಬೈಲನ್ನು ಧಾರೆಗೇ ಹಿಡಿದ. ಸುಚಿತ್ರಾ ಓದಬೇಕಿದ್ದ ಸಾಲನ್ನು ಬಿಟ್ಟು ಸಂಪಿನತ್ತ ಬಾಗಿದಳು.

ಒಂದು ಗಂಟೆ ಸುರಿದು ಮಳೆ ನಿಂತಿತು. ಡಬ್ಬದಲ್ಲಿ ಸ್ಕೇಲ್ ಇಟ್ಟು ನೋಡಿದರೆ ಎರಡೇ ಸೆಂಟಿಮೀಟರ್. ಸಂಪಿನಲ್ಲಿ ಮಾತ್ರ ನೀರು ಮೂರಡಿ ಏರಿತ್ತು.

“ಅಷ್ಟಕ್ಕೆ ಇಷ್ಟಾ?” ಲಕ್ಷ್ಮಯ್ಯ ಡಬ್ಬವನ್ನೂ ಸಂಪನ್ನೂ ಮತ್ತೆಮತ್ತೆ ನೋಡಿದರು.

“ಟೆರೇಸ್ ಮುನ್ನೂರು ಚದರ ಮೀಟರ್. ಆರು ಸಾವಿರ ಲೀಟರ್ ಬಿತ್ತು. ಕೊಳೆ ಪೈಪಿಗೆ, ಟೆರೇಸ್ ನೆನೆಯೋದಕ್ಕೆ ಹೋಗಿ ಐದು ಸಾವಿರ ಸಂಪಿಗೆ ಬಂತು; ಈ ಸಂಪಲ್ಲಿ ಮೂರಡಿ ಅಂದ್ರೆ ಅಷ್ಟೇ.” ಲೆಕ್ಕ ಹೇಳಿದ ಸುಚಿತ್ರಾ ಸ್ಕೇಲನ್ನು ಮತ್ತೊಮ್ಮೆ ಡಬ್ಬದಲ್ಲಿಟ್ಟು ನೋಡಿದಳು. ಲೆಕ್ಕ ಸರಿಯಾಗಿದೆ ಎಂಬುದೇ ಅವಳಿಗೆ ದೊಡ್ಡ ಸೋಜಿಗವಾಗಿತ್ತು.

ನೆಲಮಹಡಿಯ ಅಂಬುಜಮ್ಮ ಮಡಿಚಿದ ಕೊಡೆ ಹಿಡಿದು ಬಂದಾಗ ಲಕ್ಷ್ಮಯ್ಯ ಕೊಳೆಯ ನಲ್ಲಿ ಬಿಟ್ಟಿದ್ದರು. ಟೀ ಬಣ್ಣದ ನೀರು, ಅದರಲ್ಲಿ ಎಲೆಚೂರು.

“ಇದು ನಮ್ ಟೆರೇಸಿಂದೇನಾ?” ಎಂದು ಮುಖ ಸಿಂಡರಿಸಿದವರು ಸಂಪಿನೊಳಗೆ ಇಣುಕಿದರು. “ಕುಡೀಬೌದೇನಮ್ಮ?”

“ಪರೀಕ್ಷೆ ಮಾಡಿಸದೆ, ಶುದ್ಧ ಮಾಡದೆ ಕುಡೀಬಾರದಮ್ಮ. ಬಟ್ಟೆ, ಪಾತ್ರೆ, ಟಾಯ್ಲೆಟ್ಟಿಗೆ ಆಗುತ್ತೆ. ಸಂಪು ತುಂಬಿದ್ರೆ ಹೆಚ್ಚಿನ ನೀರು ಆ ಮೂಲೆ ಇಂಗುಗುಂಡಿಗೆ ಹೋಗುತ್ತೆ,” ಎಂದಳು ಸುಚಿತ್ರಾ.

ಅಂಬುಜಮ್ಮ ಮೆಟ್ಟಿಲು ಹತ್ತಿದರು. ಸ್ವಲ್ಪ ಹೊತ್ತಿಗೆ ಎರಡು ಜೊತೆ ಹಳೇ ಚಪ್ಪಲಿ ಹಿಡಿದು ಇಳಿದು ಬಂದರು.

ಧಾರೆ ತೊಟ್ಟಿಕ್ಕುವವರೆಗೂ ಲಕ್ಷ್ಮಯ್ಯ ಸಂಪಿನ ಬಳಿಯೇ ಕುಕ್ಕರುಗಾಲಿನಲ್ಲಿ ಕೂತಿದ್ದರು. “ಮೇಡಂ, ಚನ್ನಪಟ್ಟಣದಾಗೆ, ಮಾಗಡಿಲಿ, ಕನಕಪುರದಾಗೆ ನಾನು ಹಾಕಿರೋ ಮನೆಗಳ್ನಾಗೂ ಈಗ ಹಿಂಗೇ ಬೀಳ್ತಾ ಇರ್ತದಾ?”

“ಮಳೆ ಬಿದ್ದಿದ್ರೆ ಹೀಗೇ ಬೀಳ್ತಿರುತ್ತೆ ಲಕ್ಷ್ಮಯ್ಯಣ್ಣ.”

ಅವರು ತೊಯ್ದ ಕೈಯನ್ನು ಒರೆಸಿಕೊಳ್ಳಲಿಲ್ಲ. ಒಂದೊಂದೇ ಮನೆಯ ಹೆಸರು ಹೇಳಿಕೊಳ್ಳುತ್ತ ಬೆರಳು ಮಡಿಚತೊಡಗಿದರು.

ಸುಚಿತ್ರಾ ಸ್ಕ್ರಿಪ್ಟಿನ ಕೊನೆಯ ಹಂತದ ಸಾಲುಗಳನ್ನೆಲ್ಲ ಹೊಡೆದುಹಾಕಿ, ಅಲ್ಲಿ ಬರೀ ನೀರಿನ ಸದ್ದಿರಲಿ ಎಂದು ಬರೆದಳು.